ಶಾಲೆ ಶುರುವಾಗುವ ಹೊತ್ತಿಗೆ ಬೈಂಡ್ ಹಾಕಿದ ಪಟ್ಟಿಗಳ ಕಟ್ಟು

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಚಿಕ್ಕ ಸ್ಟೇಶನರಿ ಅಂಗಡಿ. ಶಾಲೆ ಶುರುವಾಗುವ ಸಮಯದಲ್ಲಿ ದೊಡ್ಡ ಅಂಗಡಿಗಳ ರಿಯಾಯಿತಿಯ ಎದುರು ನಾವು ಯಾವ ಪ್ರಚಾರ ಮಾಡಬಹುದು? ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಲು ನಾಲ್ಕು ಸಾಲು ಬರೆದು ಕೊಡುವಿರಾ?

ಕುಮಟಾದಲ್ಲಿ ನಮ್ಮ ಅಂಗಡಿ ಇದೆ. ರಿಯಾಯಿತಿಯಲ್ಲಿ ದೊಡ್ಡವರ ಜೊತೆ ಪೈಪೋಟಿಗೆ ಇಳಿಯಬೇಡಿ, ನಮ್ಮಂಥವರಿಗೆ ಅದು ಪೂರೈಸುವುದಿಲ್ಲ. ಅವರು ಮಾಡಲಾಗದ ಕೆಲಸ ಒಂದಿದೆ: ಮಗುವಿನ ಯಾದಿ ನೋಡಿ ಪಟ್ಟಿಗಳನ್ನು, ಅಂದರೆ ನೋಟ್‌ಬುಕ್‌ಗಳನ್ನು, ಆರಿಸಿ, ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಹೆಸರು ಬರೆದು, ಕಟ್ಟು ಕಟ್ಟಿ ಇಡುವುದು. ನಮ್ಮ ಪ್ರಚಾರವೆಲ್ಲ ಇದೊಂದರ ಸುತ್ತಲೇ ಇದೆ.

ನಮ್ಮ ಜಿಲ್ಲೆಯಲ್ಲಿ ಇದು ನಡೆಯುವುದಕ್ಕೆ ಕಾರಣ ಮಳೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ, ಅದರ ಹಿಂದೆಯೇ ಮಳೆಯೂ ಹಿಡಿಯುತ್ತದೆ, ಬೈಂಡ್ ಇಲ್ಲದ ಪಟ್ಟಿ ಅದಕ್ಕೆ ತಡೆಯುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಬರುತ್ತದೆ, ಆದರೂ ಬರೆಯುವ ಪಟ್ಟಿ ಕೊಳ್ಳುವ ಮನೆಗಳು ಬಹಳ. ಕೊಂಡ ಮೇಲೆ ಒಂದು ಭಾನುವಾರವಿಡೀ ಕುಳಿತು ಬೈಂಡ್ ಹಾಕಬೇಕು. ತಾಯಿ ತಂದೆ ಇಬ್ಬರೂ ದುಡಿಯುವ ಮನೆಯಲ್ಲಿ ಆ ಭಾನುವಾರವೇ ದುಬಾರಿ. ನೀವು ಮಾರುತ್ತಿರುವುದು ಅದನ್ನು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ‘ನಮ್ಮಲ್ಲಿ ಪಟ್ಟಿ ಕೊಂಡರೆ ಬೈಂಡ್ ಉಚಿತ’ ಎಂದು ಬೋರ್ಡ್ ಬರೆದು ಹಾಕಿದೆ. ಶಾಲೆ ತೆರೆಯುವ ಹಿಂದಿನ ಎರಡು ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳ ಪಟ್ಟಿಗಳು ಬಂದು ಬಿದ್ದವು. ರಾತ್ರಿ ಒಂದು ಗಂಟೆಯವರೆಗೆ ಮನೆಮಂದಿಯೆಲ್ಲ ಕುಳಿತರೂ ಹನ್ನೊಂದು ಮಕ್ಕಳದ್ದು ಉಳಿಯಿತು. ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಅಂಗಡಿಯ ಎದುರು ನಿಂತ ಮಗುವಿಗೆ ‘ಇನ್ನೂ ಆಗಿಲ್ಲ’ ಎಂದು ಹೇಳಿದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅದಾದ ಮೇಲೆ ಲೆಕ್ಕ ಹಾಕಿದೆ. ಉಚಿತ ಎಂದದ್ದೂ ತಪ್ಪು, ಮಿತಿ ಹೇಳದಿದ್ದದ್ದೂ ತಪ್ಪು.

ಆರನೇ ತರಗತಿಯ ಒಂದು ಕಟ್ಟಿನ ಲೆಕ್ಕ ನೋಡಿ. ಆರು ವಿಷಯಗಳಿಗೆ 200 ಪುಟದ ಆರು ಪಟ್ಟಿ, ಮನೆಗೆಲಸಕ್ಕೆಂದು 100 ಪುಟದ ನಾಲ್ಕು. ನಾನು 45 ಮತ್ತು 25 ರೂಪಾಯಿಯಂತೆ ಮಾರುತ್ತೇನೆ, ಒಟ್ಟು 370. ನನಗೆ ಬೀಳುವ ದರ 36 ಮತ್ತು 20, ಒಟ್ಟು 296. ಉಳಿಯುವುದು 74 ರೂಪಾಯಿ. ಹತ್ತು ಪಟ್ಟಿಗೆ ಕಂದು ಕಾಗದ, ಲೇಬಲ್ ಸೇರಿ 35 ರೂಪಾಯಿ ಹೋಗುತ್ತದೆ. ಬೈಂಡ್ ಹಾಕುವ ಪಕ್ಕದ ಮನೆಯ ಕಾಲೇಜು ಹುಡುಗಿಗೆ ಕಟ್ಟಿಗೆ 40 ರೂಪಾಯಿ ಕೊಡುತ್ತೇನೆ. ಉಚಿತ ಎಂದರೆ ಕೈಯಿಂದ ಒಂದು ರೂಪಾಯಿ ಹೋಗುತ್ತದೆ. ಪಟ್ಟಿಗೆ 5 ರೂಪಾಯಿಯಂತೆ ಬೈಂಡಿನ ದರ ಸೇರಿಸಿ 420 ಎಂದರೆ 49 ರೂಪಾಯಿ ಉಳಿಯುತ್ತದೆ. 5 ರೂಪಾಯಿಗೆ ಚೌಕಾಸಿ ಮಾಡಿದವರು ನನಗೆ ಇದುವರೆಗೆ ಸಿಕ್ಕಿಲ್ಲ. ನಿಮ್ಮ ದರ ಬೇರೆ ಇರುತ್ತದೆ, ಲೆಕ್ಕದ ರೀತಿ ಇದೇ.

ಸಮಯದ ಲೆಕ್ಕ ಇನ್ನೂ ಮುಖ್ಯ. ಒಂದು ಪಟ್ಟಿಗೆ ನಾಲ್ಕು ನಿಮಿಷವೆಂದರೂ ಕಟ್ಟಿಗೆ 40 ನಿಮಿಷ ಬೇಕು. ಸಂಜೆ ಐದು ತಾಸು ಕುಳಿತರೆ ಏಳು ಕಟ್ಟು ಆಗುತ್ತದೆ, ಎಂಟನೆಯದು ಆಗುವುದಿಲ್ಲ. ಈ ಏಳು ಎನ್ನುವ ಸಂಖ್ಯೆಯನ್ನು ಪ್ರಚಾರದ ಸಾಲಿನಲ್ಲೇ ಹಾಕಿ. ಜನ ಬೇಗ ಬರುತ್ತಾರೆ, ನಿಮ್ಮ ಮಾತೂ ಉಳಿಯುತ್ತದೆ.

ಬೈಂಡಿನ ಬಗ್ಗೆ ಎರಡು ಮಾತು. ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ನಮ್ಮ ಕರಾವಳಿಯ ಹವೆಗೆ ಪಿನ್ ಬೇಗನೆ ತುಕ್ಕು ಹಿಡಿದು ಕಾಗದದ ಮೇಲೆ ಕೆಂಪು ಕಲೆ ಬಿಡುತ್ತದೆ. ಕಾಗದವನ್ನು ಮೂರು ಬೆರಳಿನಷ್ಟು ಒಳಗೆ ಮಡಚಿ, ಮೂಲೆಗಳನ್ನು ಸಿಕ್ಕಿಸಿದರೆ ಸಾಕು. ಲೇಬಲ್ ಮೇಲೆ ಬಾಲ್ ಪೆನ್ನಿನಲ್ಲೇ ಹೆಸರು ಬರೆಯಿರಿ. ಜೆಲ್ ಪೆನ್ನಿನಲ್ಲಿ ಬರೆದದ್ದು ಚೀಲ ಒಮ್ಮೆ ನೆನೆದರೆ ನೀಲಿ ನೀರಾಗಿ ಇಳಿಯುತ್ತದೆ. ಹೆಸರನ್ನು ಪೋಷಕರಿಂದಲೇ ಬರೆಯಿಸಿಕೊಂಡು ಅದನ್ನು ನೋಡಿ ಬರೆಯಿರಿ. ‘ಶ್ರೇಯಾ’ ಎಂಬ ಹೆಸರನ್ನು ಹತ್ತು ಪಟ್ಟಿಯಲ್ಲೂ ‘ಶ್ರೀಯಾ’ ಎಂದು ಬರೆದರೆ ಹತ್ತೂ ಲೇಬಲ್ ಕೀಳಬೇಕು.

ಇನ್ನು ಸಾಲುಗಳು. ಒಂದು ಸಾಲಿನಲ್ಲಿ ತರಗತಿ, ಬೆಲೆ, ದಿನ ಈ ಮೂರೂ ಇರಬೇಕು. ‘ಎಲ್ಲ ಬಗೆಯ ಶಾಲಾ ಸಾಮಗ್ರಿಗಳು ದೊರೆಯುತ್ತವೆ’ ಎಂಬ ಸಾಲನ್ನು ಯಾರೂ ಓದುವುದಿಲ್ಲ. ಮೇ ಎರಡನೇ ವಾರದಲ್ಲಿ ನಾನು ಹಾಕುವುದು ಇದು:

‘ಆರನೇ ತರಗತಿಯ 10 ಪಟ್ಟಿ, ಬೈಂಡ್ ಹಾಕಿ, ಹೆಸರು ಬರೆದು: 420 ರೂಪಾಯಿ. ಯಾದಿಯ ಫೋಟೊ ಇವತ್ತು ಕಳಿಸಿ, ಮೂರನೇ ದಿನ ಬಂದು ಒಯ್ಯಿರಿ. ದಿನಕ್ಕೆ ಏಳು ಮಕ್ಕಳದ್ದು ಮಾತ್ರ.’

ಶಾಲೆ ತೆರೆಯಲು ನಾಲ್ಕು ದಿನ ಇರುವಾಗ:

‘ಈ ಭಾನುವಾರ ಬೈಂಡ್ ಹಾಕುತ್ತಾ ಕೂರಬೇಡಿ, ಮಕ್ಕಳ ಜೊತೆ ಕಡಲ ದಂಡೆಗೆ ಹೋಗಿ ಬನ್ನಿ. ಪಟ್ಟಿಗಳನ್ನು ಶುಕ್ರವಾರ ಸಂಜೆಯೊಳಗೆ ನಮಗೆ ಕೊಡಿ. ಒಂದಕ್ಕೆ 5 ರೂಪಾಯಿ.’

ಕಾರವಾರದಲ್ಲಿ ಭಾನುವಾರವೇ ಸಂತೆ, ಸುತ್ತಲಿನ ಊರುಗಳವರು ಪೇಟೆಗೆ ಬರುತ್ತಾರೆ. ಅವರಿಗೆ ಎರಡು ಸಲ ಬರುವುದು ಕಷ್ಟ. ಆದ್ದರಿಂದ ಅವರಿಗೆ ಬೇರೆಯೇ ಸಾಲು ಇರಲಿ: ‘ಯಾದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಸಂತೆಗೆ ಬಂದಾಗ ಕಟ್ಟು ಸಿದ್ಧವಿರುತ್ತದೆ.’

ಎಲ್ಲಕ್ಕಿಂತ ಹೆಚ್ಚು ಜನರನ್ನು ತಂದ ಸಾಲು ಮಾತ್ರ ಶಾಲೆ ತೆರೆದ ಮೇಲಿನದು. ಮೊದಲ ವಾರ ಕಳೆಯುವಷ್ಟರಲ್ಲಿ ಟೀಚರ್ ‘ಗಣಿತಕ್ಕೆ ಚೌಕಳಿ ಪಟ್ಟಿ ತನ್ನಿ’ ಎನ್ನುತ್ತಾರೆ, ಮನೆಯಲ್ಲಿ ಗೆರೆಯದ್ದು ಇರುತ್ತದೆ. ಪೋಷಕರಿಗೆ ಮೊದಲೇ ಕೊಳ್ಳಲು ಇರುವ ಅಳುಕೂ ಇದೇ.

‘ಗೆರೆಯದ್ದು ಒಯ್ದಿರಿ, ಟೀಚರ್ ಚೌಕಳಿ ಕೇಳಿದರೇ? ಬರೆಯದ ಪಟ್ಟಿಯನ್ನು ಜೂನ್ 15ರೊಳಗೆ ತನ್ನಿ, ಬದಲಿಸಿ ಕೊಡುತ್ತೇವೆ.’

ಬೈಂಡ್ ಹಾಕಿದ್ದಾದರೆ ಹೊಸ ಬೈಂಡಿಗೆ 5 ರೂಪಾಯಿ ತೆಗೆದುಕೊಳ್ಳಿ. ಕಳೆದ ವರ್ಷ ನನಗೆ ಮರಳಿ ಬಂದದ್ದು ಇಪ್ಪತ್ತಕ್ಕಿಂತ ಕಡಿಮೆ. ಬದಲಿಸಲು ಬಂದವರಲ್ಲಿ ಹೆಚ್ಚಿನವರು ಕಂಪಾಸ್ ಪೆಟ್ಟಿಗೆಯನ್ನೋ ಕೊಡೆಯನ್ನೋ ಕೊಂಡು ಹೋದರು.

ಸಾಲು ಎಷ್ಟು ಚೆನ್ನಾಗಿದ್ದರೂ ತಲುಪದಿದ್ದರೆ ವ್ಯರ್ಥ. ವಾಟ್ಸ್‌ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟಿನ ಸಂದೇಶ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ, ಸ್ಟೇಟಸ್ ಕಾಣಲೂ ಅವರ ಮೊಬೈಲಿನಲ್ಲಿ ನಿಮ್ಮ ನಂಬರ್ ಇರಬೇಕು. ಹೀಗಾಗಿ ಏಪ್ರಿಲ್‌ನಿಂದಲೇ ಬಿಲ್ ಕೊಡುವಾಗ ‘ನಮ್ಮ ನಂಬರ್ ಸೇವ್ ಮಾಡಿಕೊಂಡು ಮಗುವಿನ ತರಗತಿಯನ್ನು ಕಳಿಸಿ’ ಎಂದು ಹೇಳಿ. ಬಂದ ನಂಬರನ್ನು ‘ಆರನೇ ತರಗತಿ, ತಾಯಿ’ ಎಂದು ಸೇವ್ ಮಾಡಿಡಿ. ಆರನೆಯದರ ಸಂದೇಶ ಒಂದನೆಯದರ ಮನೆಗೆ ಹೋಗಬಾರದು.

ನಿಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಮಾತು. ಕೇಂದ್ರೀಯ ವಿದ್ಯಾಲಯದಂಥ ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ನೌಕಾನೆಲೆ ಮತ್ತು ಕೈಗಾದ ಕುಟುಂಬಗಳು ನಿಮ್ಮ ಗಿರಾಕಿಗಳಾಗಿದ್ದರೆ ಅವರಿಗೆ ಮೇ ತಿಂಗಳ ಸಾಲು ತಡವಾಯಿತು. ಮಾರ್ಚ್ ಕೊನೆಯಲ್ಲಿ ಅವರಿಗೆಂದೇ ಬೇರೆ ಕಟ್ಟು ಮಾಡಿ. ಆಗ ಹವೆಯೂ ಒಣಗಿರುತ್ತದೆ, ಬೈಂಡ್ ಹಾಕುವ ಹುಡುಗಿಗೆ ಎರಡು ಸಲ ಕೆಲಸವೂ ಸಿಗುತ್ತದೆ.