ಟೀವಿ ಮಾತ್ರ ಬಫರ್ ಆಗುತ್ತಿದ್ದರೆ ಮೊದಲು ಟೀವಿಯ ಬೆನ್ನ ಹಿಂದೆ ನೋಡಿ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆ, ಫೈಬರ್ ಇಂಟರ್ನೆಟ್ ಇದೆ. ಸ್ಮಾರ್ಟ್ ಟೀವಿಯಲ್ಲಿ ಯಾವ ಆ್ಯಪ್ ಹಾಕಿದರೂ ಸ್ವಲ್ಪ ಹೊತ್ತಿಗೊಮ್ಮೆ ಚಕ್ರ ತಿರುಗುತ್ತಾ ನಿಲ್ಲುತ್ತದೆ. ಅದೇ ವೈಫೈಯಲ್ಲಿ ಫೋನು, ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತವೆ. ಟೀವಿ ಹಾಳಾಗಿದೆಯಾ?

ಉತ್ತರ: ಹಾಳಾಗಿರುವ ಸಾಧ್ಯತೆ ಕಡಿಮೆ. ಲೈನಿನ ತೊಂದರೆಯೂ ಇರಲಾರದು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಮನೆಯಲ್ಲಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ, ಟೀವಿ ಒಂದೇ ನಿಲ್ಲುವುದಿಲ್ಲ. ನನಗೆ ಅನುಮಾನ ಇರುವುದು ರೌಟರಿನಿಂದ ಟೀವಿಯ ತನಕ ಇರುವ ವೈಫೈ ಮೇಲೆ.

ಫೋನಲ್ಲಿ ಚೆನ್ನಾಗಿ ಬರುತ್ತದೆ ಅನ್ನುವುದನ್ನು ಪೂರ್ತಿ ನಂಬಬೇಡಿ. ಸಣ್ಣ ಪರದೆಗೆ ಆ್ಯಪ್ ಕಡಿಮೆ ಗುಣಮಟ್ಟದ ವಿಡಿಯೋ ಕಳಿಸಿದರೂ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಟೀವಿ ಹಾಗಲ್ಲ, ದೊಡ್ಡದನ್ನೇ ಕೇಳುತ್ತದೆ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಬೇಕು, 4ಕೆಗೆ 15. ಇನ್ನೊಂದು ವಿಷಯ, ವೈಫೈ ಸೊರಗಿದಾಗ ಕೆಲವು ಫೋನುಗಳು ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಹಾರಿಬಿಡುತ್ತವೆ. ನೀವು ವೈಫೈ ಚೆನ್ನಾಗಿದೆ ಅಂದುಕೊಂಡಿರುತ್ತೀರಿ, ಖರ್ಚಾಗುತ್ತಿರುವುದು ಸಿಮ್ಮಿನ ಡೇಟಾ.

ಹಾಗಾಗಿ ಮೊದಲು ಹೀಗೆ ಮಾಡಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಟೀವಿ ಯಾವ ಹೆಸರಿನ ವೈಫೈಗೆ ಸೇರಿದೆಯೋ ಅದಕ್ಕೇ ಫೋನನ್ನೂ ಸೇರಿಸಿ. ಸೋಫಾದಲ್ಲಿ ಕೂತು ನೋಡಬೇಡಿ, ಎದ್ದುಹೋಗಿ ಟೀವಿಯ ಕೆಳ ಅಂಚಿಗೆ ಫೋನ್ ಹಿಡಿದು fast.com ತೆರೆಯಿರಿ. ಆಮೇಲೆ ಟೀವಿಯಲ್ಲಿ ಬ್ರೌಸರ್ ಇದ್ದರೆ ಅಲ್ಲೂ ಅದನ್ನೇ ತೆರೆಯಿರಿ. ಎರಡೂ ಕಡೆ ಕಡಿಮೆ ಬಂದರೆ ಆ ಜಾಗಕ್ಕೇ ವೈಫೈ ತಲುಪುತ್ತಿಲ್ಲ. ಫೋನಲ್ಲಿ ಜಾಸ್ತಿ, ಟೀವಿಯಲ್ಲಿ ಕಡಿಮೆ ಬಂದರೆ ಟೀವಿಯ ವೈಫೈ ದುರ್ಬಲ ಅಂತ ಅರ್ಥ.

ಬ್ರೌಸರ್ ಇಲ್ಲದಿದ್ದರೆ ಟೀವಿಯ ಯೂಟ್ಯೂಬಲ್ಲಿ ವಿಡಿಯೋ ಓಡುವಾಗ ಸೆಟ್ಟಿಂಗ್ಸ್‌ಗೆ ಹೋಗಿ Stats for nerds ಆನ್ ಮಾಡಿ. ಮೂಲೆಯಲ್ಲಿ ಸಣ್ಣ ಅಕ್ಷರದ ಪೆಟ್ಟಿಗೆ ಬರುತ್ತದೆ. ಅದರಲ್ಲಿ Buffer Health ಅನ್ನುವ ಸಾಲು ಒಂದನ್ನೇ ನೋಡಿದರೂ ಸಾಕು. ಎಷ್ಟು ಸೆಕೆಂಡಿನ ವಿಡಿಯೋ ಮುಂಚಿತವಾಗಿ ಬಂದು ಕೂತಿದೆ ಅನ್ನುವ ಲೆಕ್ಕ ಅದು. ಅದು ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು ಚಕ್ರ ತಿರುಗಿದರೆ ತೊಂದರೆ ನೆಟ್‌ವರ್ಕಿನದು. ಅದು ತುಂಬಿಯೇ ಇದ್ದು ಚಿತ್ರ ಮಾತ್ರ ತಡವರಿಸಿದರೆ ಟೀವಿಯ ಪ್ರೊಸೆಸರ್ ಸಾಲುತ್ತಿಲ್ಲ, ವೈಫೈಗೆ ಬೈದು ಪ್ರಯೋಜನ ಇಲ್ಲ.

ನಾಪೋಕ್ಲು ಕಡೆ ಇರುವ ನನ್ನ ಅಕ್ಕನ ಮನೆಯಲ್ಲಿ ಇದೇ ಕಥೆ ಆಗಿತ್ತು. ಹಳೆಯ ತೋಟದ ಮನೆ, ಒಂದೂವರೆ ಅಡಿ ದಪ್ಪದ ಗೋಡೆ. ಫೈಬರ್ ಒಳಗೆ ಬರುವುದು ಭಾವನ ಆಫೀಸ್ ರೂಮಿಗೆ, ರೌಟರ್ ಅಲ್ಲೇ. ಟೀವಿ ಗೋಡೆಯ ಈಚೆ, ಹಾಲಿನಲ್ಲಿ. "ಫೋನಲ್ಲಿ ಚೆನ್ನಾಗಿ ಬರುತ್ತಲ್ಲೋ, ಈ ಟೀವಿಯೇ ಡಬ್ಬ" ಅಂತ ಭಾವ ಆಗಲೇ ಹೊಸ ಟೀವಿಯ ಬೆಲೆ ವಿಚಾರಿಸಿಯಾಗಿತ್ತು.

ಟೀವಿಯ ಅಂಚಿನಲ್ಲಿ ಹಿಡಿದ ಫೋನಿಗೆ 20 ಎಂಬಿಪಿಎಸ್ ಆಸುಪಾಸು ಸಿಗುತ್ತಿತ್ತು, ಟೀವಿಗೆ ನಾಲ್ಕೂ ಸಿಗುತ್ತಿರಲಿಲ್ಲ. ಅರ್ಧ ಕಾರಣ ಕಣ್ಣಿಗೇ ಕಾಣುತ್ತಿತ್ತು. ಟೀವಿಯ ವೈಫೈ ಆಂಟೆನಾ ಅದರ ಹಿಂಭಾಗದ ಪ್ಲಾಸ್ಟಿಕ್ ಒಳಗೆ, ಪರದೆಯ ಹಿಂದಿನ ಲೋಹದ ತಗಡಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಗೋಡೆಗೆ ಬಿಗಿದ ಟೀವಿಯಲ್ಲಿ ಒಂದು ಕಡೆ ತಗಡು, ಇನ್ನೊಂದು ಕಡೆ ಕಲ್ಲುಗೋಡೆ, ನಡುವೆ ಎರಡು ಬೆರಳಿನಷ್ಟು ಸಂದು. ಆ ಸಂದಿನಲ್ಲಿ ಅವರ ಸೆಟ್ ಟಾಪ್ ಬಾಕ್ಸನ್ನೂ ತುರುಕಿದ್ದರು.

ಉಳಿದ ಅರ್ಧ ಬ್ಲೂಟೂತ್. ಇದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ಅವರ ಸೌಂಡ್‌ಬಾರ್ ಟೀವಿಗೆ ಬ್ಲೂಟೂತಲ್ಲಿ ಸೇರಿತ್ತು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಟೀವಿಯ ವೈಫೈಯೂ ಅದೇ ಬ್ಯಾಂಡಿನಲ್ಲಿದ್ದರೆ, ಸಾಮಾನ್ಯವಾಗಿ ಒಂದೇ ಚಿಪ್ ಎರಡಕ್ಕೂ ಸರದಿಯ ಮೇಲೆ ಸಮಯ ಹಂಚುತ್ತದೆ. ಹಾಡು, ಮಾತು ನಿಲ್ಲಬಾರದು, ಆದ್ದರಿಂದ ಶಬ್ದ ತನ್ನ ಸರದಿ ಬಿಡುವುದಿಲ್ಲ, ಪೆಟ್ಟು ಬೀಳುವುದು ವೈಫೈಗೆ. ಸೌಂಡ್‌ಬಾರ್ ಆಫ್ ಮಾಡಿ ಮತ್ತೆ ಅಳೆದರೆ ವೇಗ ನೇರ ದುಪ್ಪಟ್ಟಿಗಿಂತ ಮೇಲೆ ಹೋಯಿತು. ಆಮೇಲೆ ಸೌಂಡ್‌ಬಾರನ್ನು ಎಚ್‌ಡಿಎಂಐ ಕೇಬಲ್ಲಿನಲ್ಲಿ ಟೀವಿಯ ARC ಅಂತ ಬರೆದಿರುವ ಪೋರ್ಟಿಗೆ ಹಾಕಿದೆವು. ಸೆಟ್ ಟಾಪ್ ಬಾಕ್ಸ್ ಹೊರಗೆ ಬಂತು. ಫುಲ್ ಎಚ್‌ಡಿ ನಿಲ್ಲದೆ ಓಡಲು ಅಷ್ಟು ಸಾಕಾಯಿತು. ನಿಮ್ಮಲ್ಲಿ ಬ್ಲೂಟೂತ್ ಹೆಡ್‌ಫೋನೋ ಸ್ಪೀಕರೋ ಟೀವಿಗೆ ಸೇರಿದ್ದರೆ ಇದನ್ನೇ ಮೊದಲು ಪರೀಕ್ಷೆ ಮಾಡಿ, ಖರ್ಚೇನೂ ಇಲ್ಲ.

ಟೀವಿಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ರೌಟರ್ ಅದೇ ಕೋಣೆಯಲ್ಲಿದ್ದರೆ ಒಳ್ಳೆಯ ಸಲಹೆ, ಬ್ಲೂಟೂತ್ ಜಗಳವೂ ತಪ್ಪುತ್ತದೆ. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಸೋಮಾರಿ. ನಮ್ಮ ಕಡೆಯ ಹಳೆಯ ಗೋಡೆಗಳ ಮುಂದೆ ಅದು ಸೋಲುವುದೇ ಜಾಸ್ತಿ. ಕಡಿಮೆ ಬೆಲೆಯ ಕೆಲವು ಟೀವಿಗಳಲ್ಲಂತೂ ಅದು ಇರುವುದೇ ಇಲ್ಲ, ಪಟ್ಟಿಯಲ್ಲಿ ಹುಡುಕಿದರೂ ಹೆಸರು ಕಾಣಿಸುವುದಿಲ್ಲ. ರೌಟರಿನ ಚಾನೆಲ್ ಬದಲಿಸುವುದು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ, ಇಲ್ಲವೇ ಮಡಿಕೇರಿ ಪೇಟೆಯ ಒತ್ತೊತ್ತು ಮನೆಗಳಿಗೆ ಸರಿ. ಪಕ್ಕದ ಮನೆ ಕಾಫಿ ತೋಟದ ಆಚೆ ಇರುವವರಿಗೆ ಯಾರ ವೈಫೈ ಅಡ್ಡ ಬರುತ್ತದೆ ಹೇಳಿ?

ನಿಜವಾದ ಮದ್ದು ಲ್ಯಾನ್ ಕೇಬಲ್. ಕ್ಯಾಟ್ 5ಇ ಅಥವಾ ಕ್ಯಾಟ್ 6 ಯಾವುದಾದರೂ ಆಗುತ್ತದೆ, 100 ಮೀಟರ್ ತನಕ ಎಳೆಯಬಹುದು. ಬಹುತೇಕ ಟೀವಿಗಳ ಲ್ಯಾನ್ ಪೋರ್ಟಿಗೆ 100 ಎಂಬಿಪಿಎಸ್ ಮಿತಿ ಇದೆ, ಅದನ್ನು ನೋಡಿ ಬೇಸರ ಬೇಡ, 4ಕೆ ಸಿನಿಮಾಕ್ಕೆ ಅದು ಧಾರಾಳ. ಕೇಬಲ್ಲನ್ನು ಮನೆಯ ಒಳಗಿಂದಲೇ ತನ್ನಿ. ಹೆಂಚಿನ ಮೇಲೆ, ಹೊರಗೋಡೆ ಸುತ್ತಿ ತಂದರೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಟೀವಿ, ರೌಟರ್ ಎರಡೂ ಹೋಗಬಹುದು.

ಕೇಬಲ್ ಎಳೆಯಲು ಆಗದಿದ್ದರೆ ರಿಪೀಟರ್ ಇದೆ, ಆದರೆ ಅದನ್ನು ಟೀವಿ ಪಕ್ಕದಲ್ಲಿ ಇಡಬೇಡಿ. ಅಲ್ಲಿಗೇ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ, ಅದು ಇನ್ನೇನು ಹಂಚೀತು? ರೌಟರ್ ಮತ್ತು ಟೀವಿಯ ನಡುವೆ, ಬಾಗಿಲು ಇರುವ ಕಡೆ ಇಡಿ. ಅಗ್ಗದ ರಿಪೀಟರ್ ಒಂದೇ ಬ್ಯಾಂಡಿನಲ್ಲಿ ತೆಗೆದುಕೊಂಡು ಕೊಡುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದೂ ನೆನಪಿರಲಿ.

ಇದೆಲ್ಲಕ್ಕೂ ಮುಂಚೆ ಟೀವಿಯ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ ನೋಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಬಹಳಷ್ಟು ಟೀವಿಗಳು ಮಲಗುತ್ತವೆ ಅಷ್ಟೇ, ರೀಸ್ಟಾರ್ಟ್ ಆಗುವುದಿಲ್ಲ.

ಲ್ಯಾನ್ ಹಾಕಿದ ಮೇಲೂ ನಿಂತರೆ ಆಗ ಟೀವಿಯನ್ನೇ ಅನುಮಾನಿಸಿ. ಸ್ಟೋರೇಜ್ ತುಂಬಿದೆಯಾ ನೋಡಿ, ಬಳಸದ ಆ್ಯಪ್‌ಗಳನ್ನು ತೆಗೆಯಿರಿ, ಉಳಿದವುಗಳ ಕ್ಯಾಶೆ ಅಳಿಸಿ ಅಪ್‌ಡೇಟ್ ಮಾಡಿ. ಅದಕ್ಕೂ ಬಗ್ಗದ ಹಳೆಯ ಟೀವಿಗೆ ಹೊಸ ಟೀವಿಯ ಬದಲು ಒಂದು ಸ್ಟ್ರೀಮಿಂಗ್ ಸ್ಟಿಕ್ ಸಾಕು. ಅದರ ಡಬ್ಬದಲ್ಲಿ ಚಿಕ್ಕ ಎಚ್‌ಡಿಎಂಐ ಎಕ್ಸ್‌ಟೆಂಡರ್ ತುಂಡು ಇದ್ದರೆ ಎಸೆಯದೆ ಬಳಸಿ. ಸ್ಟಿಕ್ಕನ್ನು ನೇರ ಪೋರ್ಟಿಗೆ ಚುಚ್ಚಿದರೆ ಅದೂ ಹೋಗಿ ಅದೇ ತಗಡಿನ ಹಿಂದೆ ಸೇರುತ್ತದೆ.