ಫೀಸ್ ತಕರಾರು ಅಂತ ಕಾಲೇಜ್‌ನೋರು ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡ್ತಿಲ್ಲ

ಪ್ರಶ್ನೆ: ಸರ್, ನಾನು ಹೊಳಲ್ಕೆರೆ ಕಡೆಯವಳು. ದಾವಣಗೆರೆಲಿ ಒಂದು ಪ್ರೈವೇಟ್ ಕಾಲೇಜಲ್ಲಿ ಬಿಸಿಎ ಮುಗಿಸಿ ರಿಸಲ್ಟ್ ಬಂದು ಎರಡು ತಿಂಗ್ಳಾಯ್ತು. ಸೇರುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಇಟ್ಕೊಂಡಿದ್ರು. ಈಗ ಕೇಳಿದ್ರೆ 18,500 ಬಾಕಿ ಇದೆ ಅಂತಾರೆ. ಅದ್ರಲ್ಲಿ 12,000 ಸ್ಕಾಲರ್‌ಶಿಪ್ ಬಂದಿಲ್ಲ ಅಂತ, 6,500 ಟ್ರೈನಿಂಗ್ ಫೀಸಂತೆ, ಅದನ್ನ ಸೇರುವಾಗ ಯಾರೂ ಹೇಳಿರ್ಲಿಲ್ಲ. ಬೆಂಗಳೂರಲ್ಲಿ ಕೆಲ್ಸ ಸಿಕ್ಕಿದೆ, 20 ದಿನದಲ್ಲಿ ಒರಿಜಿನಲ್ ತೋರಿಸ್ಬೇಕು. ಅಪ್ಪ ಸಾಲ ಮಾಡಿ ಕಟ್ಬಿಡಣ ಅಂತಾರೆ. ಏನ್ ಮಾಡ್ಲಿ?

ಉತ್ತರ: ನಿಮ್ ತಂದೆಯವ್ರಿಗೆ ಹೇಳಿ, ಸಾಲ ಇವತ್ತೇ ಮಾಡೋದು ಬೇಡ. ನಾನು ದಾವಣಗೆರೆ ಕೋರ್ಟಲ್ಲಿ ವಕೀಲಿ ಮಾಡ್ತೀನಿ, ಇಂಥ ಕೇಸು ಪ್ರತಿ ವರ್ಷ ರಿಸಲ್ಟ್ ಆದ್ಮೇಲೆ ಬಂದೇ ಬರ್ತಾವೆ, ಎಲ್ಲಾ ಕಡೆ ಆಗೋ ತಪ್ಪು ಒಂದೇ, ಫೀಸ್ ಜಗಳನೂ ಮಾರ್ಕ್ಸ್‌ಕಾರ್ಡ್ ಜಗಳನೂ ಒಂದಕ್ಕೊಂದು ಗಂಟು ಹಾಕ್ಕೊಂಡು ಕೂತಿರ್ತಾರೆ. ಕಾನೂನಲ್ಲಿ ಅವೆರಡೂ ಬೇರೆ ಬೇರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಕಾರ್ಡು ನಿಮ್ದು, ಅದನ್ನ ಕೊಟ್ಟಿದ್ದು ಬೋರ್ಡು, ಕಾಲೇಜಲ್ಲ. ನಿಮ್ಮಿಂದ ನಿಜವಾಗ್ಲೂ ದುಡ್ಡು ಬರ್ಬೇಕು ಅಂತಿದ್ರೆ ಕಾಲೇಜ್‌ನೋರು ವಸೂಲಿಗೆ ಸಿವಿಲ್ ದಾವೆ ಹಾಕ್ಬಹುದು, ಆದ್ರೆ ಕಾರ್ಡನ್ನ ಅಡವು ಇಟ್ಕೊಂಡ ಹಾಗೆ ಬೀರುನಲ್ಲಿ ಇಟ್ಕೊಳ್ಳಕ್ಕೆ ಆಗಲ್ಲ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಲಿ ಇದು ಸ್ಪಷ್ಟವಾಗಿದೆ: ಅಡ್ಮಿಷನ್ ಟೈಮಲ್ಲಿ ಒರಿಜಿನಲ್ ನೋಡಿ ತಾಳೆ ಮಾಡಿ ಅಲ್ಲೇ ವಾಪಸ್ ಕೊಡ್ಬೇಕು, ಕಾಲೇಜು ಇಟ್ಕೋಬೇಕಾದ್ದು ದೃಢೀಕರಿಸಿದ ಝೆರಾಕ್ಸ್ ಮಾತ್ರ. ಯೂನಿವರ್ಸಿಟಿಗೆ ಸೇರಿದ ಖಾಸಗಿ ಕಾಲೇಜಿಗೂ ಇದು ಅನ್ವಯ. ಟಿ.ಸಿ. ವಿಷ್ಯ ಮಾತ್ರ ಸ್ವಲ್ಪ ಬೇರೆ, ಅದು ಕಾಲೇಜೇ ಬರ್ಕೊಡೋ ಪತ್ರ, ಅಲ್ಲಿ ನೋ ಡ್ಯೂ ಕೇಳ್ತಾರೆ, ಹಾಗಾಗಿ ಮೊದಲನೇ ಅರ್ಜಿಲಿ ಟಿ.ಸಿ.ನ ಸೇರಿಸ್ಬೇಡಿ, ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೇ ಕೇಳಿ.

ಇನ್ನು 18,500. ಇದನ್ನ ಒಂದೇ ಮೊತ್ತ ಅಂತ ಒಪ್ಕೋಬೇಡಿ, ಎರಡಾಗಿ ಒಡೀರಿ. 12,000ದ ಕತೆ ಮೊದಲು ನೀವೇ ಚೆಕ್ ಮಾಡಿ. ssp.postmatric.karnataka.gov.in ಗೆ ಹೋಗಿ ಮೂರೂ ವರ್ಷದ ಅರ್ಜಿಯ ಸ್ಟೇಟಸ್ ತೆಗೆದು ಪ್ರಿಂಟ್ ಹಾಕ್ಸಿ, ಯಾವ ವರ್ಷ ಮಂಜೂರಾಯ್ತು, ಯಾವುದು ತಿರಸ್ಕಾರ ಆಯ್ತು, ದುಡ್ಡು ಬಿಡುಗಡೆ ಆಯ್ತಾ ಅಂತ ನೋಡಿ. ದುಡ್ಡು ಹೋಗೋದು ಆಧಾರ್‌ಗೆ ಲಿಂಕ್ ಆಗಿರೋ ಅಕೌಂಟಿಗೆ, ನೀವು ಕಾಲೇಜಿಗೆ ಕೊಟ್ಟ ಪಾಸ್‌ಬುಕ್ಕಿಗೇ ಹೋಗಿರುತ್ತೆ ಅಂತ ಏನಿಲ್ಲ. ಹಿಂದೆ ಚಳ್ಳಕೆರೆ ಕಡೆಯ ಒಂದು ಹುಡುಗಿ ಹೀಗೇ ಬಂದಿದ್ಲು, ಎರಡು ವರ್ಷದ ದುಡ್ಡು ಬಂದೇ ಇಲ್ಲ ಅಂತ ಕಾಲೇಜೂ ಅಂತಿತ್ತು, ಅವಳೂ ಅಂತಿದ್ಲು, ಕೊನೆಗೆ ನೋಡಿದ್ರೆ ಹೈಸ್ಕೂಲಲ್ಲಿದ್ದಾಗ ಊರಿನ ಬ್ಯಾಂಕಲ್ಲಿ ತೆಗೆದಿದ್ದ ಝೀರೋ ಬ್ಯಾಲೆನ್ಸ್ ಅಕೌಂಟಲ್ಲಿ ಅಷ್ಟೂ ದುಡ್ಡು ಹಾಗೇ ಬಿದ್ದಿತ್ತು, ಆ ಪಾಸ್‌ಬುಕ್ ಎಂಟ್ರಿ ಹಾಕ್ಸಿ ಎಷ್ಟು ವರ್ಷ ಆಗಿತ್ತೋ. ನಿಮ್ದೂ ಹಾಗೇ ಆಗಿದ್ರೆ ಅಷ್ಟು ದುಡ್ಡು ಕಾಲೇಜಿಗೆ ಕೊಡ್ಬೇಕಾದ್ದೇ, ಅದನ್ನ ಕಟ್ಟಿ ರಸೀದಿ ತಗೊಳ್ಳಿ. ಸರ್ಕಾರದಿಂದಲೇ ಬಿಡುಗಡೆ ಆಗಿಲ್ಲ ಅಂದ್ರೆ ಸ್ಟೇಟಸ್ ಪ್ರಿಂಟೇ ನಿಮ್ಮ ಸಾಕ್ಷಿ.

6,500 ಟ್ರೈನಿಂಗ್ ಫೀಸಿಗೆ ಕೇಳ್ಬೇಕಾದ ಪ್ರಶ್ನೆ ಒಂದೇ, ನೀವು ಸೇರಿದ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಇದು ಇತ್ತಾ? ಪ್ರಾಸ್ಪೆಕ್ಟಸ್‌ನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ದುಡ್ಡು ಕೇಳೋದನ್ನ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮದಲ್ಲಿ ದೂರು ಅಂತಲೇ ಲೆಕ್ಕ ಹಿಡೀತಾರೆ. ಪ್ರಾಸ್ಪೆಕ್ಟಸ್ ಕಳ್ಕೊಂಡಿದ್ರೆ ಅಡ್ಮಿಷನ್ ದಿನದ ರಸೀದಿ ಹುಡುಕಿ, ಅದರಲ್ಲಿ ಫೀಸು ಬಾಬ್ತುವಾರು ಬರ್ದಿರ್ತಾರೆ.

ಈಗ ಅರ್ಜಿ. ಕೌಂಟರಲ್ಲಿ ಬಾಯಿಮಾತಲ್ಲಿ ಎಷ್ಟು ಸಲ ಕೇಳಿದ್ರೂ ಕೇಳಿಲ್ಲ ಅಂದ್ಹಾಗೇನೇ. ಪ್ರಿನ್ಸಿಪಾಲರಿಗೆ ಬಿಳಿ ಹಾಳೆಲಿ ಹೀಗೆ ಬರೀರಿ: "ನಾನು ಪ್ರವೇಶದ ಸಮಯದಲ್ಲಿ ಕೊಟ್ಟಿರುವ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳು ಕಾಲೇಜಿನಲ್ಲಿವೆ. 7 ದಿನದೊಳಗೆ ಹಿಂತಿರುಗಿಸಬೇಕು. ಬಾಕಿ ಎಂದು ತಿಳಿಸಿರುವ ರೂ. 18,500ರ ಬಾಬ್ತುವಾರು ವಿವರವನ್ನು ಲಿಖಿತವಾಗಿ ಕೊಡಬೇಕು. ಈ ಬಾಕಿಯನ್ನು ನಾನು ಒಪ್ಪಿರುವುದಿಲ್ಲ." ಎರಡೂ ಕಾರ್ಡಿನ ರಿಜಿಸ್ಟರ್ ನಂಬರ್ ಹಾಕಿ, 2018ರ ಯುಜಿಸಿ ಅಧಿಸೂಚನೆ ಅಂತ ಒಂದು ಸಾಲು ಸೇರ್ಸಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಇನ್‌ವರ್ಡ್ ಸೀಲು, ತಾರೀಖು ಹಾಕ್ಸಿ. ಹಾಕಲ್ಲ ಅಂದ್ರೆ ವಾದ ಮಾಡ್ಬೇಡಿ, ಸೀದಾ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತೆ ತಲುಪಿದ್ದರ ಟ್ರ್ಯಾಕಿಂಗ್ ಪ್ರಿಂಟು ಇಟ್ಕೊಳ್ಳಿ. ನನ್ನ ಅನುಭವದಲ್ಲಿ ಸುಮಾರು ಕಾಲೇಜು ಈ ಹಂತದಲ್ಲೇ ಕಾರ್ಡು ಕೊಟ್ಬಿಡ್ತಾವೆ, ಯಾಕಂದ್ರೆ "ಫೀಸಿಗೋಸ್ಕರ ಇಟ್ಕೊಂಡಿದೀವಿ" ಅಂತ ಲೆಟರ್‌ಹೆಡ್ ಮೇಲೆ ಬರ್ದು ಸಹಿ ಹಾಕೋಕೆ ಯಾರಿಗೂ ಧೈರ್ಯ ಇರಲ್ಲ.

ಉತ್ತರ ಬರ್ಲಿಲ್ಲ ಅಂದ್ರೆ ಮುಂದಿಂದು ವಿದ್ಯಾರ್ಥಿ ಕುಂದುಕೊರತೆ ಸಮಿತಿ. ಅದು ದೂರು ಬಂದ 15 ಕೆಲಸದ ದಿನದಲ್ಲಿ ವರದಿ ಕೊಡ್ಬೇಕು, ಅದು ಒಪ್ಪಿಗೆ ಆಗ್ಲಿಲ್ಲ ಅಂದ್ರೆ 15 ದಿನದೊಳಗೆ ಯೂನಿವರ್ಸಿಟಿಯ ಓಂಬುಡ್ಸ್‌ಪರ್ಸನ್‌ಗೆ, ಅಂದ್ರೆ ವಿದ್ಯಾರ್ಥಿಗಳ ದೂರು ವಿಚಾರಣೆ ಮಾಡೋರಿಗೆ, ಮೇಲ್ಮನವಿ. ನಿಮ್ಮ ಕಾಲೇಜು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ್ರೆ ಮೊದಲನೇ ಅರ್ಜಿಯ ಪ್ರತಿಯನ್ನೇ ಶಿವಗಂಗೋತ್ರಿಗೆ ಹೋಗಿ ಕುಲಸಚಿವರ ಕಚೇರಿಲೂ ಕೊಟ್ಟು ಸೀಲ್ ಹಾಕ್ಸಿ. ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ ದೂರು ಹಾಕಿ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಯಾರಾದ್ರೂ ಹೇಳ್ತಾರೆ, ನಾನು ಬೇಡ ಅಂತೀನಿ, ಶಿಕ್ಷಣ ಗ್ರಾಹಕ ಸೇವೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿರೋ ತೀರ್ಪುಗಳಿವೆ, ಆ ವಾದದಲ್ಲೇ ವರ್ಷ ಕಳ್ದೋಗುತ್ತೆ. ಅದರ ಬದ್ಲು ಕೋರ್ಟ್ ಆವರಣದಲ್ಲೇ ಇರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನ ಕೊಡ್ತಾರೆ, ಕೇಸ್ ಹಾಕೋಕ್ಕೆ ಮುಂಚೆನೇ ಕಾಲೇಜಿಗೆ ನೋಟಿಸ್ ಕಳ್ಸಿ ಕೂರ್ಸಿ ಮಾತಾಡ್ಸ್ತಾರೆ.

ನಿಮ್ಮ 20 ದಿನದ ಲೆಕ್ಕ ನಂಗೂ ಚಿಂತೆ ಇದೆ, ಸಮಿತಿ ಹಾದಿ ಅಷ್ಟರಲ್ಲಿ ಮುಗಿಯಲ್ಲ. ಹಾಗಾಗಿ ಇವತ್ತೇ ಕಂಪನಿ ಎಚ್‌ಆರ್‌ಗೆ ಮೇಲ್ ಹಾಕಿ, ಡಿಜಿಲಾಕರ್‌ನಲ್ಲಿರೋ ಎಸ್ಸೆಸ್ಸೆಲ್ಸಿ, ಪಿಯುಸಿ ಕಾರ್ಡು ಕಳ್ಸಿ, ಕಾಲೇಜಿಗೆ ಕೊಟ್ಟ ಅರ್ಜಿಯ ಸೀಲ್ ಹಾಕಿದ ಪ್ರತಿನೂ ಜೊತೆಗಿಡಿ, ಒರಿಜಿನಲ್‌ಗೆ ಒಂದು ತಿಂಗ್ಳು ಟೈಮ್ ಕೇಳಿ. ಡಿಜಿಲಾಕರ್ ದಾಖಲೆಗೆ ಕಾನೂನಲ್ಲಿ ಒರಿಜಿನಲ್‌ನಷ್ಟೇ ಬೆಲೆ ಇದೆ. ಒಂದು ಮಾತ್ರ ಮಾಡ್ಬೇಡಿ, "ಕಳ್ದೋಗಿದೆ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಬರ್ಸಿ ಬೋರ್ಡಿಂದ ಡೂಪ್ಲಿಕೇಟ್ ತಗೋ" ಅಂತ ಗೆಳತಿಯರು ಹೇಳ್ತಾರೆ, ಕಾರ್ಡು ಎಲ್ಲಿದೆ ಅಂತ ಗೊತ್ತಿದ್ದೂ ಹಾಗೆ ಬರ್ಸೋದು ಸುಳ್ಳು ಮಾಹಿತಿ ಕೊಟ್ಟ ಅಪರಾಧ ಆಗುತ್ತೆ, ನ್ಯಾಯ ನಿಮ್ಮ ಕಡೆ ಇರುವಾಗ ಆ ಉರುಳಿಗೆ ಯಾಕೆ ಕತ್ತು ಕೊಡ್ತೀರ.

ಎಚ್‌ಆರ್ ಒಪ್ಪಲೇ ಇಲ್ಲ, ಕೆಲ್ಸ ಕೈಬಿಟ್ಟು ಹೋಗುತ್ತೆ ಅಂದ್ರೆ ಆಗ ದುಡ್ಡು ಕಟ್ಟಿ, ಆದ್ರೆ ಕ್ಯಾಶ್ ಬೇಡ, ಅಕೌಂಟಿಂದ ಕಳ್ಸಿ, ಅವತ್ತೇ ಪ್ರಿನ್ಸಿಪಾಲರಿಗೆ "ಈ ಮೊತ್ತವನ್ನು ಆಕ್ಷೇಪಣೆಯೊಂದಿಗೆ, ಮೂಲ ದಾಖಲೆ ಪಡೆಯಲು ಮಾತ್ರ ಪಾವತಿಸಿದ್ದೇನೆ" ಅಂತ ಬರ್ದು ಕೊಡಿ, ಬಾಬ್ತು ಬರ್ದಿರೋ ರಸೀದಿ ಕೇಳಿ. ಆಮೇಲೆ ವಾಪಸ್ ಕೇಳೋ ದಾರಿ ಉಳಿಯುತ್ತೆ.

ಕಾರ್ಡು ಕೈಗೆ ಬಂದ ದಿನ ರಿಜಿಸ್ಟರಲ್ಲಿ ಸಹಿ ಹಾಕೋಕ್ಕೆ ಮುಂಚೆ ಮೇಲಿನ ಸಾಲು ಓದಿ. "ನನ್ನದು ಯಾವುದೇ ತಕರಾರು ಇಲ್ಲ" ಅಂತ ಅಚ್ಚಾಗಿದ್ರೆ ಅದನ್ನ ಹೊಡೆದುಹಾಕಿ, "ಎರಡು ಮೂಲ ಅಂಕಪಟ್ಟಿ ಮಾತ್ರ ಪಡೆದಿದ್ದೇನೆ" ಅಂತ ನಿಮ್ಮ ಕೈಯಲ್ಲೇ ಬರ್ದು ಆಮೇಲೆ ಸಹಿ ಹಾಕಿ, ಆ ಪುಟದ್ದೊಂದು ಫೋಟೋ ಹೊಡ್ಕೊಳ್ಳಿ.