ಬಿಸಿಲು ಕಾಣದ ನೆಂಟ

"ಕರುಳಿನ ಬ್ಯಾಕ್ಟೀರಿಯಾ ಕುರಿತ ನಿಮ್ಮ ಲೇಖನದಲ್ಲಿ ಮೆಲೈನಾಬ್ಯಾಕ್ಟೀರಿಯಾ ಎಂಬುದು ಸಯನೋಬ್ಯಾಕ್ಟೀರಿಯಾದ ಸಂಬಂಧಿ, ಆದರೆ ದ್ಯುತಿಸಂಶ್ಲೇಷಣೆ ಮಾಡುವುದಿಲ್ಲ, ನಮಗೆ ವಿಟಮಿನ್ ಒದಗಿಸುತ್ತದೆ ಎಂದಿದೆ. ಅದನ್ನು ಬೆಳೆಸದೆಯೇ ಇದನ್ನೆಲ್ಲ ಕಂಡುಕೊಂಡರು ಎಂದೂ ಇದೆ. ನಾನು ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನು. ಬೆಳೆಸಿ ನೋಡದ ಜೀವಿ ಏನು ಮಾಡುತ್ತದೆ ಎನ್ನುವುದಿರಲಿ, ಏನು ಮಾಡುವುದಿಲ್ಲ ಎಂದು ಅಷ್ಟು ಖಚಿತವಾಗಿ ಹೇಗೆ ಬರೆದಿರಿ?"
— ನಿವೃತ್ತ ಅಧ್ಯಾಪಕರೊಬ್ಬರು

ಮಾನ್ಯರೇ,

ನಿಮ್ಮ ಪತ್ರ ಓದಿದ ಮೇಲೆ ಆ ಲೇಖನವನ್ನು ಮತ್ತೆ ತೆಗೆದು ನೋಡಿದೆ. "ಮಾಡುವುದಿಲ್ಲ" ಎಂದು ಬರೆದದ್ದನ್ನು ಈಗಲೂ ಸಮರ್ಥಿಸಿಕೊಳ್ಳಬಲ್ಲೆ. "ಒದಗಿಸುತ್ತದೆ" ಎಂದು ಬರೆದದ್ದನ್ನು ಸಮರ್ಥಿಸಿಕೊಳ್ಳಲಾರೆ. ಎರಡಕ್ಕೂ ಕಾರಣ ಆ ಜೀವಿಯ ಜೀನೋಮನ್ನು, ಅಂದರೆ ಅದರ ಇಡೀ ಡಿಎನ್‌ಎ ಬರಹವನ್ನು, ಕಟ್ಟಿದ ರೀತಿಯಲ್ಲೇ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಈ ಜೀವಿಯ ಮೇಲೆ ಅನುಮಾನ ಬಂದದ್ದು ಹೇಗೆಂದು ಹೇಳುತ್ತೇನೆ. ಮಲದ ಮಾದರಿಯಲ್ಲಿ ಯಾವ ಬ್ಯಾಕ್ಟೀರಿಯಾಗಳಿವೆ ಎಂದು ಪಟ್ಟಿ ಮಾಡಲು ಎಲ್ಲರೂ ಬಳಸುತ್ತಿದ್ದುದು 16ಎಸ್ ಎಂಬ ಒಂದೇ ಜೀನನ್ನು. ಸುಮಾರು 1500 ಅಕ್ಷರಗಳ ಈ ಜೀನು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ, ಜಾತಿಯಿಂದ ಜಾತಿಗೆ ಚೂರುಪಾರು ಬದಲಾಗಿರುತ್ತದೆ. ಇಂಥ ಪಟ್ಟಿಗಳಲ್ಲಿ ಆಗಾಗ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಎಂಬ ಹೆಸರು ಕಾಣಿಸಿಕೊಳ್ಳುತ್ತಿತ್ತು. ಕತ್ತಲೆಯ ಕರುಳಿನಲ್ಲಿ ಅದಕ್ಕೇನು ಕೆಲಸ? ತಿಂದ ಸೊಪ್ಪಿನ ಕ್ಲೋರೊಪ್ಲಾಸ್ಟ್ ಇರಬೇಕು ಎಂದು ಹೆಚ್ಚಿನವರು ಅದನ್ನು ಪಕ್ಕಕ್ಕಿಟ್ಟರು. ಅದು ತಪ್ಪು ತರ್ಕವೇನಲ್ಲ. ಕ್ಲೋರೊಪ್ಲಾಸ್ಟ್ ಸಯನೋಬ್ಯಾಕ್ಟೀರಿಯಾದಿಂದಲೇ ಬಂದದ್ದು, ಅದರ 16ಎಸ್ ಕೂಡ ಆ ಮನೆಯದ್ದೇ. ಇವತ್ತಿಗೂ ಇಂಥ ವರದಿಗಳಲ್ಲಿ ಬರುವ ಎಷ್ಟೋ "ಸಯನೋಬ್ಯಾಕ್ಟೀರಿಯಾ" ನಿಜಕ್ಕೂ ಊಟದ ಸೊಪ್ಪೇ.

ಆದರೆ ವಂಶವೃಕ್ಷ ಬರೆದು ನೋಡಿದಾಗ ಒಂದು ವ್ಯತ್ಯಾಸ ಕಂಡಿತು. ಕ್ಲೋರೊಪ್ಲಾಸ್ಟುಗಳು ಸಯನೋಬ್ಯಾಕ್ಟೀರಿಯಾದ ಕೊಂಬೆಗಳ ನಡುವೆ ಕೂರುತ್ತವೆ. ಕರುಳಿನ ಕೆಲವು 16ಎಸ್‌ಗಳು ಅಲ್ಲಿ ಕೂರದೆ, ಆ ಇಡೀ ಕೊಂಬೆ ಶುರುವಾಗುವುದಕ್ಕೂ ಕೆಳಗೆ ಬೇರೆಯಾಗಿ ಕವಲೊಡೆದಿದ್ದವು. ಹಾಗಾದರೆ ಇದು ಸೊಪ್ಪಲ್ಲ, ದೂರದ ನೆಂಟ. 16ಎಸ್ ಹೇಳಬಲ್ಲದ್ದು ಇಷ್ಟೇ. ನೆಂಟಸ್ತಿಕೆ ಗೊತ್ತಾಯಿತು, ಕಸುಬು ಗೊತ್ತಾಗಲಿಲ್ಲ.

ಕಸುಬು ತಿಳಿಯಬೇಕಾದರೆ ಉಳಿದ ಜೀನುಗಳೂ ಬೇಕು. ಮೆಟಾಜೀನೋಮಿಕ್ಸ್ ಬರುವುದು ಇಲ್ಲಿ. ಮಾದರಿಯನ್ನು ಸಣ್ಣ ಮಣಿಗಳ ಜೊತೆ ಕುಲುಕಿ ಜೀವಕೋಶಗಳನ್ನು ಒಡೆಯುತ್ತಾರೆ, ಹೊರಬಂದ ಡಿಎನ್‌ಎಯನ್ನು ಯಾರದು ಏನು ಎಂದು ನೋಡದೆ ಚೂರು ಮಾಡಿ, ಒಂದೊಂದು ಚೂರಿನ ನೂರು, ನೂರೈವತ್ತು ಅಕ್ಷರ ಓದುತ್ತಾರೆ. ಎಷ್ಟು ಓದಬೇಕು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ನಮ್ಮ ಜೀವಿಯ ಜೀನೋಮ್ ಸುಮಾರು 20 ಲಕ್ಷ ಅಕ್ಷರ. ಸರಿಯಾಗಿ ಜೋಡಿಸಲು ಒಂದೊಂದು ಅಕ್ಷರವೂ ಇಪ್ಪತ್ತು ಸಲವಾದರೂ ಓದಿನಲ್ಲಿ ಬರಬೇಕು ಎಂದುಕೊಂಡರೆ 4 ಕೋಟಿ ಅಕ್ಷರ ಆಯಿತು. ಆದರೆ ಮಾದರಿಯ ಡಿಎನ್‌ಎಯಲ್ಲಿ ಇದರ ಪಾಲು ನೂರಕ್ಕೆ ಒಂದು ಇದ್ದರೆ, ಆ 4 ಕೋಟಿ ಸಿಗಲು ಒಟ್ಟು 400 ಕೋಟಿ ಅಕ್ಷರ ಓದಬೇಕು. ಪಾಲು ಹತ್ತು ಸಾವಿರಕ್ಕೆ ಒಂದು ಇದ್ದರೆ 40,000 ಕೋಟಿ. ಕರುಳಿನಲ್ಲಿ ಸಾಧ್ಯವಾದದ್ದು ಮಣ್ಣಿನಲ್ಲಿ ಕಷ್ಟವಾಗುವುದು ಇದಕ್ಕೇ. ಮಣ್ಣಿನಲ್ಲಿ ಜಾತಿಗಳು ಸಾವಿರಾರು, ಯಾರ ಪಾಲೂ ದೊಡ್ಡದಲ್ಲ.

ಓದಿದ ತುಣುಕುಗಳಲ್ಲಿ ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವಲ್ಲಿ ಕಂಪ್ಯೂಟರು ಅವನ್ನು ಬೆಸೆಯುತ್ತದೆ. ಹೀಗೆ ಬೆಳೆದ ಉದ್ದನೆಯ ತುಂಡಿಗೆ ಕಾಂಟಿಗ್ ಎನ್ನುತ್ತಾರೆ. ಕೊನೆಗೆ ಕೈಯಲ್ಲಿ ಉಳಿಯುವುದು ನೂರಾರು ಜೀವಿಗಳಿಗೆ ಸೇರಿದ, ಯಾರದೆಂದು ಗುರುತಿಲ್ಲದ ಸಾವಿರಾರು ಕಾಂಟಿಗ್‌ಗಳ ರಾಶಿ. ಇವುಗಳಲ್ಲಿ ಒಂದೇ ಜೀವಿಯವನ್ನು ಆರಿಸಿ ಒಂದು ಬುಟ್ಟಿಗೆ ಹಾಕಬೇಕು. ಇಡೀ ವಿದ್ಯೆ ನಿಂತಿರುವುದು ಈ ವಿಂಗಡಣೆಯ ಮೇಲೆ, ನಿಮ್ಮ ಸಂಶಯ ನಿಜವಾಗಿ ಕಾಡಬೇಕಾದ ಜಾಗವೂ ಇದೇ.

ವಿಂಗಡಿಸಲು ಎರಡು ಸುಳಿವುಗಳಿವೆ. ಒಂದು, ಬರಹದ ಶೈಲಿ. ಎ, ಟಿ, ಜಿ, ಸಿ ಅಕ್ಷರಗಳಿಂದ ನಾಲ್ಕಕ್ಷರದ 256 ಪದಗಳಾಗುತ್ತವೆ. ಯಾವ ಪದ ಎಷ್ಟು ಸಲ ಬರುತ್ತದೆ ಎಂಬ ಪ್ರಮಾಣ ಒಂದು ಜೀನೋಮಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಬೇರೆ ಜೀವಿಯಲ್ಲಿ ಬೇರೆ ಇರುತ್ತದೆ. ತೀರಾ ಚಿಕ್ಕ ಕಾಂಟಿಗ್‌ನಲ್ಲಿ ಮಾತ್ರ ಈ ಲೆಕ್ಕಕ್ಕೆ ಬೆಲೆಯಿಲ್ಲ, ಪದಗಳೇ ಸಾಲುವುದಿಲ್ಲ.

ಇನ್ನೊಂದು ಸುಳಿವು ನನಗೆ ಹೆಚ್ಚು ಇಷ್ಟ. ಒಂದು ಜೀವಿಯ ಎಲ್ಲ ತುಂಡುಗಳೂ ಒಟ್ಟಿಗೇ ಹೆಚ್ಚಬೇಕು, ಒಟ್ಟಿಗೇ ಕಡಿಮೆಯಾಗಬೇಕು. ಒಬ್ಬನೇ ವ್ಯಕ್ತಿಯಿಂದ ಮೂರು ದಿನ ಮಾದರಿ ತೆಗೆದಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಕಾಂಟಿಗ್ ಆ ಮೂರು ದಿನಗಳಲ್ಲಿ 40, 5, 12 ಸಲ ಓದಿಸಿಕೊಂಡಿದೆ. ಇನ್ನೊಂದು 39, 6, 11. ಮೂರನೆಯದು 41, 30, 2. ಮೊದಲ ದಿನದ ಮಾದರಿ ಮಾತ್ರ ನೋಡಿದ್ದರೆ ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಿರಿ. ಎರಡನೆಯ ದಿನ ಕಳ್ಳ ಸಿಕ್ಕಿಬೀಳುತ್ತಾನೆ. ಆದ್ದರಿಂದ ಒಂದೇ ಮಾದರಿಯಿಂದ ಕಟ್ಟಿದ ಜೀನೋಮ್ ಎಂದು ಎಲ್ಲಾದರೂ ಓದಿದರೆ ನಾನು ಸ್ವಲ್ಪ ಹುಬ್ಬು ಗಂಟಿಕ್ಕುತ್ತೇನೆ.

ಬುಟ್ಟಿ ಸರಿಯಾಗಿದೆಯೇ ಎಂದು ನೋಡುವ ಉಪಾಯವೂ ಇದೆ. ಬ್ಯಾಕ್ಟೀರಿಯಾ ಬದುಕಲು ಬೇಕೇ ಬೇಕಾದ, ಸಾಮಾನ್ಯವಾಗಿ ಒಂದೇ ಒಂದು ಪ್ರತಿ ಇರುವ ಜೀನುಗಳಿವೆ. ಅಂಥ ನೂರನ್ನು ಹುಡುಕಿ, 96 ಸಿಕ್ಕರೆ ಜೀನೋಮ್ ಸುಮಾರು 96% ಪೂರ್ಣ. ಅವುಗಳಲ್ಲಿ ಮೂರು ಎರಡೆರಡು ಸಲ ಸಿಕ್ಕರೆ ಬೇರೆ ಯಾರದ್ದೋ ಸುಮಾರು 3% ಸೇರಿಕೊಂಡಿದೆ ಎಂದರ್ಥ. 2017ರಲ್ಲಿ ಒಪ್ಪಿಕೊಂಡ ಮಾನದಂಡದ ಪ್ರಕಾರ ಉತ್ತಮ ದರ್ಜೆ ಎನ್ನಲು ಪೂರ್ಣತೆ 90% ಮೀರಬೇಕು, ಕಲಬೆರಕೆ 5%ಕ್ಕಿಂತ ಕಡಿಮೆ ಇರಬೇಕು. ಆದರೆ ಈ ಪರೀಕ್ಷೆಗೆ ಒಂದು ಕುರುಡು ಬದಿ ಇದೆ. ಹಾದಿ ತಪ್ಪಿ ಬಂದ ಕಾಂಟಿಗ್‌ನಲ್ಲಿ ಆ ನೂರರಲ್ಲಿ ಒಂದೂ ಜೀನು ಇಲ್ಲದಿದ್ದರೆ, ಅದು ಎಷ್ಟೇ ಉದ್ದವಿದ್ದರೂ ಪರೀಕ್ಷೆಗೆ ಕಾಣುವುದೇ ಇಲ್ಲ.

ಈಗ ನಿಮ್ಮ "ಮಾಡುವುದಿಲ್ಲ". 90% ಪೂರ್ಣವಾದ ಜೀನೋಮಿನಲ್ಲಿ ಒಂದು ಜೀನು ಕಾಣದಿದ್ದರೆ ಏನೂ ಹೇಳಲಾಗದು, ಅದು ಸಿಗದೇ ಹೋದ ಹತ್ತನೇ ಒಂದು ಭಾಗದಲ್ಲಿ ಇದ್ದೀತು. ದೂರದೂರ ಇರುವ ಮೂರು ಜೀನುಗಳೂ ಅಲ್ಲೇ ಬಿದ್ದುಹೋಗುವ ಸಂಭವ ಸಾವಿರಕ್ಕೆ ಒಂದು. ಎರಡು ಬೇರೆ ಬೇರೆ ಜೀನೋಮ್‌ಗಳಲ್ಲಿ ಹಾಗೇ ಆಗುವ ಸಂಭವ ಹತ್ತು ಲಕ್ಷಕ್ಕೆ ಒಂದು. ದ್ಯುತಿಸಂಶ್ಲೇಷಣೆಗೆ ಮೂರಲ್ಲ, ಹತ್ತಾರು ಜೀನುಗಳು ಬೇಕು. ಸಯನೋಬ್ಯಾಕ್ಟೀರಿಯಾಗಳಲ್ಲಿ ಅವು ಜೀನೋಮಿನ ಹಲವು ಕಡೆ ಹರಡಿಕೊಂಡಿರುತ್ತವೆ.

ಈ ಗುಣಾಕಾರವನ್ನು ನೀವು ಪ್ರಶ್ನಿಸುತ್ತೀರಿ ಎಂದು ಗೊತ್ತು, ಪ್ರಶ್ನಿಸಬೇಕು ಕೂಡ. ಜೀನುಗಳು ಗುಂಪಾಗಿ ಕೂತಿದ್ದರೆ ಗುಂಪಾಗಿಯೇ ಕಾಣೆಯಾಗುತ್ತವೆ. ಇನ್ನೂ ಕೆಟ್ಟದ್ದೆಂದರೆ, ಬೇರೆ ಜೀವಿಯಿಂದ ಎರವಲು ಬಂದ ಜೀನುಗಳ ಶೈಲಿ ಬೇರೆಯಾಗಿರುವುದರಿಂದ ವಿಂಗಡಣೆ ಅವನ್ನೇ ಆರಿಸಿ ಆರಿಸಿ ಹೊರಗೆಸೆಯುತ್ತದೆ. ಮುಖ್ಯ ಜೀನೋಮಿನಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ ಉಂಗುರಗಳಾದ ಪ್ಲಾಸ್ಮಿಡ್‌ಗಳ ಗತಿಯೂ ಹೆಚ್ಚಾಗಿ ಅದೇ. ಇಂಥ ಕಡೆ ನಷ್ಟ ಆಕಸ್ಮಿಕವಲ್ಲ, ಆದ್ದರಿಂದ ಸಂಭವಗಳನ್ನು ಗುಣಿಸುವ ಹಾಗಿಲ್ಲ. ಇದಕ್ಕೆ ಮದ್ದು ಎರಡು. ಬುಟ್ಟಿಯಲ್ಲಷ್ಟೇ ಅಲ್ಲ, ಹೊರಗೆ ಉಳಿದ ರಾಶಿಯಲ್ಲೂ ಆ ಜೀನುಗಳನ್ನು ಹುಡುಕಬೇಕು. ಸಿಕ್ಕರೆ ಅವು ಸೊಪ್ಪಿನವೇ ಎಂದು ವಂಶವೃಕ್ಷದಲ್ಲಿ ಇಟ್ಟು ನೋಡಬೇಕು. ಇನ್ನೊಂದು, ಸಂದೇಹಕ್ಕೆ ಎಡೆಯೇ ಉಳಿಯದಂತೆ ಜೀನೋಮನ್ನು ಪೂರ್ತಿ ಕಟ್ಟುವುದು. 2013ರಲ್ಲಿ ರುತ್ ಲೇ ಮತ್ತು ಜಿಲಿಯನ್ ಬ್ಯಾನ್‌ಫೀಲ್ಡ್ ಅವರ ತಂಡಗಳು ಮಾಡಿದ್ದು ಇದನ್ನೇ. ಮನುಷ್ಯರ ಮಲದಿಂದಲೂ ಅಂತರ್ಜಲದಿಂದಲೂ ಈ ಗುಂಪಿನ ಜೀನೋಮ್‌ಗಳನ್ನು ಪೂರ್ಣ ಎನ್ನುವ ಮಟ್ಟಕ್ಕೆ ಕಟ್ಟಿದರು. ಯಾವುದರಲ್ಲೂ ದ್ಯುತಿಸಂಶ್ಲೇಷಣೆಯ ಸಾಮಗ್ರಿ ಇರಲಿಲ್ಲ. ಗ್ರೀಕ್ ಪುರಾಣದ ಕತ್ತಲ ನೀರಿನ ಅಪ್ಸರೆ ಮೆಲೈನಾಳ ಹೆಸರಿಟ್ಟರು. ಮರುವರ್ಷ ಬೇರೊಂದು ತಂಡ ಕೋಆಲಾದ ಲದ್ದಿ ಮುಂತಾದವುಗಳಿಂದ ಇನ್ನಷ್ಟು ಸಂಬಂಧಿಗಳನ್ನು ಕಟ್ಟಿದಾಗಲೂ ಅದೇ ಕಂಡಿತು.

"ಮಾಡುವುದಿಲ್ಲ" ಎಂದು ನಾನು ಬರೆದದ್ದು ಇಷ್ಟರ ಬಲದ ಮೇಲೆ. "ಎಂದೂ ಮಾಡುತ್ತಿರಲಿಲ್ಲ" ಎಂದು ಬರೆಯಲಿಲ್ಲ, ಗಮನಿಸಿ. ಪೂರ್ವಜರಿಗೇ ಆ ವಿದ್ಯೆ ಇರಲಿಲ್ಲವೋ, ಇದ್ದು ಕಳೆದುಕೊಂಡರೋ ಎಂಬುದು ಇಂದಿನ ಜೀನೋಮ್ ಒಂದರಿಂದ ತೀರ್ಮಾನವಾಗುವ ಮಾತಲ್ಲ. 2017ರಲ್ಲಿ ಇನ್ನೂ ಒಂದು ದೂರದ ಕವಲಿನಲ್ಲೂ ಅದು ಇಲ್ಲವೆಂದು ಕಂಡ ಮೇಲೆ, ಸಯನೋಬ್ಯಾಕ್ಟೀರಿಯಾಗಳಿಗೆ ಅದು ತಡವಾಗಿ ಬಂದ ವಿದ್ಯೆ ಎಂಬ ಕಡೆಗೆ ತಕ್ಕಡಿ ವಾಲಿದೆ.

ಕರುಳಿನ ಮೆಲೈನಾಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಇದ್ದದ್ದೇನು? ಸಕ್ಕರೆ ಒಡೆದು ಹುದುಗಿಸುವ ಕಿಣ್ವಗಳಿಗೆ ಬೇಕಾದ ಜೀನುಗಳು. ಆಮ್ಲಜನಕ ಬಳಸುವ ಉಸಿರಾಟದ ಸಾಮಗ್ರಿ ಇಲ್ಲ. ಅಂದರೆ ಗಾಳಿಯಿಲ್ಲದ ಕಡೆ ಹುದುಗಿಸಿಯೇ ಬದುಕಬೇಕು. ಕೆಲವು ಬಿ ಗುಂಪಿನ ವಿಟಮಿನ್‌ಗಳನ್ನೂ ಕೆ ವಿಟಮಿನ್ನನ್ನೂ ತಯಾರಿಸುವ ಜೀನುಗಳೂ ಇದ್ದವು. ನಾನು ಎಡವಿದ್ದು ಇಲ್ಲಿ. ಜೀನು ಇಲ್ಲದಿದ್ದರೆ ಕೆಲಸವಿಲ್ಲ, ನಿಜ. ಜೀನು ಇದ್ದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎನ್ನಲಾಗದು. ಅದು ಮಲಗಿರಬಹುದು. ಡಿಎನ್‌ಎ ಸತ್ತ ಕೋಶದ್ದೂ ಇರಬಹುದು, ಯಂತ್ರ ಅದನ್ನು ಬೇರೆ ಮಾಡಿ ಓದುವುದಿಲ್ಲ. ವಿಟಮಿನ್ ತಯಾರಾದರೂ ಆ ಬ್ಯಾಕ್ಟೀರಿಯಾವೇ ಅದನ್ನು ಪೂರ್ತಿ ಬಳಸಿಕೊಂಡು ನಮಗೆ ಹನಿಯೂ ಉಳಿಸದೆ ಇರಬಹುದು. ಇದನ್ನು ತಿಳಿಯಲು ಆರ್‌ಎನ್‌ಎ ಓದಬೇಕು, ಪ್ರೋಟೀನ್ ಅಳೆಯಬೇಕು, ಕೊನೆಗೆ ನೀವು ಮೂವತ್ತು ವರ್ಷ ಕಲಿಸಿದ ಹಾಗೆ ಬೆಳೆಸಿಯೇ ನೋಡಬೇಕು. ಬೆಳೆಸಲು ಹೊರಟವರಿಗೆ ಜೀನೋಮ್ ಕೊಡುವ ಚೀಟಿ ಇಷ್ಟು: ಬೆಳಕು ಬೇಡ, ಗಾಳಿ ತಾಗಿಸಬೇಡಿ, ಸಕ್ಕರೆ ಕೊಡಿ.

ಈ ಸಂಚಿಕೆಯ ತಿದ್ದುಪಡಿ ಅಂಕಣದಲ್ಲಿ "ನಮಗೆ ವಿಟಮಿನ್ ಒದಗಿಸುತ್ತದೆ" ಎಂಬುದನ್ನು "ವಿಟಮಿನ್ ತಯಾರಿಸಲು ಬೇಕಾದ ಜೀನುಗಳನ್ನು ಹೊಂದಿದೆ" ಎಂದು ಬದಲಿಸಿದ್ದೇವೆ. "ದ್ಯುತಿಸಂಶ್ಲೇಷಣೆ ಮಾಡುವುದಿಲ್ಲ" ಎಂಬುದು ಹಾಗೇ ಇದೆ.

— ಸಂಪಾದಕ